ಪಾಳಿ ತಪ್ಪಿದ ಸುದ್ದಿ

ಜೂನ್ 11, ಮಂಗಳವಾರ. ಇಚಲಕರಂಜಿ

ಪರೀಕ್ಷೆಯ ಪಟ್ಟಿಯ ಮೇಲೆ ಎರಡು ಗೆರೆ ಮೂಡಿದವು. ಎರಡನೆಯದು ಮೊದಲು ಮಂಕಾಗಿತ್ತು, ನೋಡನೋಡುತ್ತ ಕೆಂಪಾಯಿತು. ಸಂತೋಷ ಆಗಬೇಕಿತ್ತು. ಆಗಲಿಲ್ಲ. ಬಚ್ಚಲ ಕಟ್ಟೆಯ ಮೇಲೆ ಕೂತು, ಪಕ್ಕದ ಕಾರ್ಖಾನೆಯ ಮಗ್ಗಗಳ ಸದ್ದು ಕೇಳುತ್ತ, ಇದನ್ನು ನನ್ನ ಗಂಡ ಪ್ರತಾಪನಿಗೆ ಹೇಗೆ ಹೇಳಲಿ ಎಂದಷ್ಟೇ ಯೋಚಿಸಿದೆ.

ಮೇ ತಿಂಗಳಲ್ಲಿ ಅವನು ಜ್ವರ ಬಂದು ಇಲ್ಲಿಗೆ ಬಂದಿದ್ದ. ನಾಲ್ಕು ದಿನ ಇದ್ದ. ಗಂಜಿ ಕುಡಿದ, ಚೇತರಿಸಿಕೊಂಡ, ಗೋಕುಳ ಶಿರಗಾಂವದ ಫೌಂಡ್ರಿಗೆ ಹಿಂದಿರುಗಿದ. ಈಗ ಅವನ ವಾಸ ಅಲ್ಲಿಯೇ, ಜೊತೆಗಾರರ ಖೋಲಿಯಲ್ಲಿ. ಕಳೆದ ದೀಪಾವಳಿಯ ಮುಂದೆ ಐದನೇ ತಿಂಗಳಿಗೆ ನನ್ನ ಬಸುರು ಇಳಿದುಹೋದ ಮೇಲೆ ಅವನು ಈ ಮನೆಯಲ್ಲಿ ನಿಲ್ಲಲಾರದೆ ಹೋದ. ಜಗಳವೇನೂ ಆಗಲಿಲ್ಲ. ಜಗಳ ಆಗಿದ್ದರೆ ರಾಜಿಯಾದರೂ ಆಗುತ್ತಿತ್ತು.

ಆಗ ಆಸ್ಪತ್ರೆಯ ಪಡಸಾಲೆಯಲ್ಲಿ ನಾನು ಅವನಿಗೆ, ಏನಾದರೂ ಮಾತಾಡಿ ಎಂದಿದ್ದೆ. ಅವನು ಹೇಳಿದ್ದು ಇಷ್ಟೇ: "ತುಲಾ ಕಸಂ ಸಾಂಗೂ? ತುಝೀ ಮರಾಠೀ ಬಾಜಾರಾಪುರತೀ." ನಿನಗೆ ಹೇಗೆ ಹೇಳಲಿ, ನಿನ್ನ ಮರಾಠಿ ಬಜಾರಕ್ಕಷ್ಟೇ ಸಾಕಾಗುವಂಥದ್ದು, ಅಂತ.

ಮಾತು ಸುಳ್ಳಲ್ಲ. ನಾನು ರಾಯಬಾಗದ ಕಡೆಯವಳು, ಕನ್ನಡ ಶಾಲೆಯಲ್ಲಿ ಕಲಿತವಳು. ಮರಾಠಿ ಕಲಿತದ್ದು ಮದುವೆಯಾಗಿ ಇಲ್ಲಿಗೆ ಬಂದು, ತರಕಾರಿ ಕೊಳ್ಳುತ್ತ, ನೂಲನ್ನು ಕೋನಿಗೆ ಸುತ್ತುವ ಕೆಲಸ ಮಾಡುತ್ತ. ಪ್ರತಾಪನಿಗೋ ಕನ್ನಡದಲ್ಲಿ ಬರುವುದು ಒಂದೇ ಮಾತು, "ಊಟ ಆತೇನ?" ಅದನ್ನು ಅವನು ನಡುರಾತ್ರಿಯಲ್ಲೂ ಕೇಳಬಲ್ಲ, ಬೆಳಗಾಗುತ್ತಲೂ ಕೇಳಬಲ್ಲ. ನಮ್ಮ ಸಂಸಾರ ಇಷ್ಟರಲ್ಲೇ ನಡೆದಿತ್ತು. ದುಃಖ ಬಂದಾಗ ಸಾಲದೆ ಹೋಯಿತು.

ಆದ್ದರಿಂದ ಈ ಸಲ ಅವನ ಭಾಷೆಯಲ್ಲೇ, ಬಜಾರದ್ದಲ್ಲದ ಭಾಷೆಯಲ್ಲಿ ಹೇಳುತ್ತೇನೆ. ಫೋನಿನಲ್ಲಿ ಆಗದು. ನಾನು ಅಳುತ್ತೇನೆ, ಅವನು "ಹಾಂ, ಠೀಕ" ಎಂದು ಇಡುತ್ತಾನೆ. ಬರೆದು ಕಳಿಸುತ್ತೇನೆ.

ಜೂನ್ 14, ಶುಕ್ರವಾರ

ಪಕ್ಕದ ಖೋಲಿಯ ಪಾರುಬಾಯಿ ಮಾವಶಿಯನ್ನು ಕೇಳಿದೆ. ಅವರ ಅಜ್ಜನ ಕಾಲಕ್ಕೆ ಹುಕ್ಕೇರಿಯಿಂದ ಬಂದ ಮನೆತನ, ಎರಡೂ ಭಾಷೆ ಅವರ ಸೆರಗಿನಲ್ಲೇ ಇವೆ. ಹೀಗೇ ಸುಮ್ಮನೆ ಎಂದು ಕೇಳಿದೆ, ಆದರೆ ಅವರು ನನ್ನ ಮುಖವನ್ನೂ ಹೊಟ್ಟೆಯನ್ನೂ ಒಟ್ಟಿಗೇ ನೋಡಿದರು.

"ಇದಕ್ಕೇನ ಭಾಳ ವಿಚಾರ ಮಾಡ್ತಿ ಮಾಯವ್ವಾ? ‘ಮಲಾ ದಿವಸ ಗೇಲೇ’ ಅನ್ನ. ನನಗ ದಿನ ಹೋದು ಅಂದ್ರ ಬಸುರಿ ಆದೆ ಅಂತ."

"ಅದ ಬ್ಯಾಡ ಮಾವಶಿ. ನಮ್ಮ ಕಡೆ ದಿವಸ ಅಂದ್ರ ಸತ್ತವರದು."

"ಹೌದಲ್ಲ" ಎಂದರು. ಆಮೇಲೆ ಇಬ್ಬರೂ ಕೂತು ಒಂದೊಂದೇ ಮಾತು ಹುಡುಕಿದೆವು. ‘ಗರೋದರ’ ಎಂದರೆ ಗರ್ಭಿಣಿ, ಸರಕಾರಿ ದವಾಖಾನೆಯ ಗೋಡೆಯ ಮೇಲಿನ ಮಾತು, ಅದರಲ್ಲಿ ಔಷಧಿಯ ವಾಸನೆ. ‘ಪೋಟುಶೀ’ ಎಂದರೂ ಅದೇ, ಮುದುಕಿಯರ ಬಾಯಿಗೆ ಚೆಂದ. ‘ಗೋಡ ಬಾತಮೀ’ ಎಂದರೆ ಸಿಹಿ ಸುದ್ದಿ. ಹೋದ ಸಲ ಅದನ್ನೇ ಹೇಳಿದ್ದೆ, ಪೇಢೆ ಹಂಚಿದ್ದೆವು. ಕೂಸು ಹುಟ್ಟುವುದಕ್ಕೆ ಮೊದಲೇ ಕುಲಾವಿ ಹೊಲಿಸಿದವರು ನಾವು. ಮತ್ತೆ ಆ ಮಾತು ನನ್ನ ಬೆರಳಿಗೆ ಬರದು.

ನಮ್ಮಲ್ಲಿ ಹೇಳುವಂತೆ ‘ಹೊಟ್ಟೀಲೆ ಅದೀನಿ’ ಎಂಬುದನ್ನೇ ಮರಾಠಿಗೆ ತಿರುಗಿಸಲೇ ಎಂದೆ. ಮಾವಶಿ ನಕ್ಕರು. "ಹಂಗ ಬರದಿ ಅಂದ್ರ ಅಂವಾ ಹೊಟ್ಟಿಬ್ಯಾನಿ ಅಂತ ತಿಳದ ಗುಳಿಗಿ ಕಳಸ್ತಾನ."

ಕೊನೆಗೆ ಅವರೇ ಒಂದು ಹೇಳಿಕೊಟ್ಟರು. ‘ಮಾಝೀ ಪಾಳೀ ಚುಕಲೀ.’ ನನ್ನ ಪಾಳಿ ತಪ್ಪಿತು. ನನಗೆ ಪಾಳಿ ಎಂದರೆ ಕಾರ್ಖಾನೆಯದು, ಹಗಲು ಪಾಳಿ, ರಾತ್ರಿ ಪಾಳಿ. ಇಲ್ಲಿಯ ಹೆಂಗಸರಿಗೆ ತಿಂಗಳಿನದೂ ಪಾಳಿಯೇ. "ಗಂಡಗ ಅಷ್ಟ ಸಾಕ. ಉಳದದ್ದು ಅಂವಾ ತಿಳಕೋಬೇಕ" ಎಂದರು. ನನಗೂ ಹಿಡಿಸಿತು. ಅರ್ಧ ಹೇಳಿ ಅರ್ಧ ಬಿಡುವ ಮಾತು. ಬಸುರು ಎಂಬ ಪದ ಬರುವುದೇ ಇಲ್ಲ, ಆದ್ದರಿಂದ ನಾಳೆ ಅದು ನಿಲ್ಲದೆ ಹೋದರೂ ಸುಳ್ಳು ಹೇಳಿದ ಹಾಗಾಗುವುದಿಲ್ಲ.

ಜೂನ್ 17, ಸೋಮವಾರ

ಕಳಿಸಿದೆ. ನಾಗರಿ ಅಕ್ಷರದಲ್ಲಿ ಒತ್ತಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆದಿಡುತ್ತೇನೆ.

"ಅಹೋ, ಮಾಝೀ ಪಾಳೀ ಚುಕಲೀ. ಕುಣಾಲಾ ಸಾಂಗಿತಲಂ ನಾಹೀ. ಖೂಪ ಭೀತೀ ವಾಟತೇ."

ರೀ, ನನ್ನ ಪಾಳಿ ತಪ್ಪಿತು. ಯಾರಿಗೂ ಹೇಳಿಲ್ಲ. ಬಹಳ ಹೆದರಿಕೆ ಆಗುತ್ತದೆ. ಮೂರೇ ವಾಕ್ಯ. ಇವಕ್ಕಾಗಿ ಎರಡು ದಿನ ಅನ್ನದ ಮುಂದೆಯೂ ಫೋನು ಹಿಡಿದು ಕೂತಿದ್ದೆ. ‘ನನಗೆ ನೀವು ಬೇಕು’ ಎಂದು ಸೇರಿಸಿ ಅಳಿಸಿದೆ. ಅದು ಬೇಡಿದ ಹಾಗೆ ಕಾಣುತ್ತಿತ್ತು. ‘ಭೀತೀ’ ಎಂಬುದನ್ನು ಮಾತ್ರ ಉಳಿಸಿದೆ. ಹೆದರಿಕೆ ಅವನಿಗೂ ಇದೆ, ಅದರಲ್ಲಾದರೂ ಇಬ್ಬರೂ ಒಂದಾಗಲಿ ಎಂದು.

ಸಂಜೆಗೆ ಉತ್ತರ ಬಂತು.

"ಹೋತಂ ಅಸಂ. ಟೆನ್ಶನ್ ನಕೋ ಘೇಊ. ಸೋಡೂನ ದೇ."

ಆಗುತ್ತದೆ ಹಾಗೆ. ಟೆನ್ಶನ್ ಮಾಡಿಕೊಳ್ಳಬೇಡ. ಬಿಟ್ಟುಬಿಡು.

ಜೂನ್ 18, ಮಂಗಳವಾರ

ಬಿಟ್ಟುಬಿಡು ಅಂತೆ.

ಜೂನ್ 21, ಶುಕ್ರವಾರ

ಕೆಲಸಕ್ಕೆ ಹೋಗುತ್ತಿದ್ದೇನೆ. ನೂಲು ಹರಿದರೆ ಗಂಟು ಹಾಕುತ್ತೇನೆ, ಮತ್ತೆ ಹರಿಯುತ್ತದೆ, ಮತ್ತೆ ಹಾಕುತ್ತೇನೆ. ಯಾವ ಗಂಡಸೂ ಇಷ್ಟು ಮೃದುವಾಗಿ ಇಷ್ಟು ಕೆಟ್ಟ ಮಾತು ಬರೆದಿರಲಾರ. ‘ಆಗುತ್ತದೆ ಹಾಗೆ’ ಎಂಬುದೇ ಹೆಚ್ಚು ನೋಯಿಸಿತು. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಈ ಕೂಸು ಅವನಿಗೆ ಬೇಡ. ಬೇಡವಾದವನಿಗೆ ಮತ್ತೆ ಏನು ಬರೆಯಲಿ?

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಿದ್ದಳು ನಮ್ಮವ್ವ. ಬರೆದರೆ ಅದೂ ಇಲ್ಲ, ಅಲ್ಲೇ ಕೂತು ದಿನಾಲು ಮುಖ ತೋರಿಸುತ್ತದೆ.

ಜೂನ್ 26, ಬುಧವಾರ. ಗಡಹಿಂಗ್ಲಜ

ಅತ್ತೆಯ ಮನೆಗೆ ಬಂದಿದ್ದೇನೆ. ಬಂದದ್ದು ಹೇಳುವುದಕ್ಕಲ್ಲ, ಆ ಖೋಲಿಯಲ್ಲಿ ಒಬ್ಬಳೇ ಇರಲಾರದೆ. ಆದರೆ ಚಂಪಾಬಾಯಿಯವರ ಮುಂದೆ ಯಾವುದೂ ಮುಚ್ಚಿಡಲಾಗದು. ಒಗ್ಗರಣೆಯ ಹೊಗೆಗೆ ನಾನು ಎದ್ದು ಹಿತ್ತಲಿಗೆ ಹೋದೆ. ಅವರು ಒಲೆ ಆರಿಸಿ ಹಿಂದೆಯೇ ಬಂದರು. ಮನೆಮಾತು ಮರಾಠಿಯಾದರೂ ಗಡಹಿಂಗ್ಲಜದ ಸಂತೆಯಲ್ಲಿ ಬೆಲ್ಲ ಮಾರಿದವರು, ನನ್ನ ಹತ್ತಿರ ಕನ್ನಡದಲ್ಲೇ ಮಾತಾಡುತ್ತಾರೆ.

"ಪ್ರತಾಪಗ ಹೇಳಿದೇನ?"

"ಹೇಳಿದ್ನಿರಿ ಅತ್ತಿ. ಬಿಟ್ಟಬಿಡು ಅಂದ್ರು."

ಅವರ ಮುಖ ಕಪ್ಪಿಟ್ಟಿತು. "ನಾ ಹಡದ ಮಗಾ ಹಂಗ ಅನ್ನಾಂವಲ್ಲ. ಏನ ಬರದಿದ್ದಿ? ಓದ ನೋಡೂಣು."

ಓದಿದೆ. ಪಾಳೀ ಚುಕಲೀ ಎನ್ನುವಲ್ಲಿಗೆ ಬಂದಾಗ ಅವರು ನನ್ನ ಮೊಣಕೈ ಹಿಡಿದರು. ಮತ್ತೊಮ್ಮೆ ಓದಿಸಿದರು. ಅವನ ಉತ್ತರವನ್ನೂ ಓದಿಸಿದರು. ಆಮೇಲೆ ಸೆರಗು ಬಾಯಿಗೆ ಹಿಡಿದು ಕೂತುಬಿಟ್ಟರು. ನಗುತ್ತಿದ್ದಾರೋ ಅಳುತ್ತಿದ್ದಾರೋ ತಿಳಿಯಲಿಲ್ಲ.

"ಅಗ ಬಾಳಾ, ಅಂವಾ ಫೌಂಡ್ರಿದಾಗ ಮೂರ ಪಾಳಿ ತಿರಗಾಂವ. ನೀ ಕಾರ್ಖಾನಿಗಿ ಹೋಗಾಕಿ. ಪಾಳಿ ತಪ್ತು, ಯಾರಿಗೂ ಹೇಳಿಲ್ಲ, ಹೆದರಿಕಿ ಆಗತೇತಿ ಅಂತ ಬರದ್ರ ಅಂವಾ ಏನ ತಿಳೀತಾನ? ಕೆಲಸಕ್ಕ ಹೋಗಿಲ್ಲ, ಶೇಠ ಬೈತಾನಂತ ಹೆದರ್ಯಾಳ ಅಂತ ತಿಳದಾನ. ಬಿಡು, ಹೋದ್ರ ಹೋಗ್ಲಿ ಒಂದ ಪಾಳಿ, ಅಂದಾನ."

ನಾನು ಆ ಮೂರು ವಾಕ್ಯಗಳನ್ನು ಮತ್ತೆ ಓದಿದೆ. ಒಂದೊಂದೂ ಕಾರ್ಖಾನೆಗೇ ಹೊಂದುತ್ತಿತ್ತು. ಎರಡು ದಿನ ಉಪವಾಸವಿದ್ದು ನಾನು ಗಂಡನಿಗೆ ಬರೆದದ್ದು ಒಂದು ರಜೆ ಅರ್ಜಿ. ಒಂಬತ್ತು ದಿನದಿಂದ ಅವನನ್ನು ಮನಸ್ಸಿನಲ್ಲೇ ಶಪಿಸಿದ್ದೇನೆ, ಅವನು ಅಲ್ಲಿ ಏನೂ ಅರಿಯದೆ ಎರಕ ಹೊಯ್ಯುತ್ತಿದ್ದಾನೆ. ನಗು ಬರಬೇಕಿತ್ತು, ಬರಲಿಲ್ಲ.

ಅತ್ತೆ ಈಗಲೇ ಫೋನು ಹಚ್ಚುತ್ತೇನೆಂದು ಎದ್ದರು. ಬೇಡ, ನಾನೇ ಹೇಳುತ್ತೇನೆ ಎಂದು ಕೈ ಹಿಡಿದೆ. ಶುಕ್ರವಾರ ಸೋನೋಗ್ರಾಫಿ ಇದೆ, ಜೀವ ಇದೆಯೋ ಇಲ್ಲವೋ ಗೊತ್ತಾಗಲಿ. ಬಿಸಿ ಹಾಲು ಕುಡಿದ ಬೆಕ್ಕಿನ ಹಾಗೆ ನಾನು ಎಂದು ಅವರು ಗೊಣಗಿದರು. ಆದರೆ ಒಪ್ಪಿದರು.

ಸಂಜೆ ತಲೆಗೆ ಎಣ್ಣೆ ಹಚ್ಚುತ್ತ ಹೇಳಿದರು. "ನಮ್ಮಲ್ಲಿ ಒಂದ ಚಲೋ ಮಾತ ಐತಿ. ‘ಬಾಳಾಚೀ ಚಾಹೂಲ ಲಾಗಲೀ.’"

"ಚಾಹೂಲ ಅಂದ್ರ?"

"ಯಾರರ ಬರಾಕತ್ತಿರತಾರ. ಇನ್ನ ಕಂಡಿರೂದಿಲ್ಲ. ಹೊರಗ ಹೆಜ್ಜಿ ಸಪ್ಪಳ ಆದಂಗ ಆಗಿ ನಾವು ಕೆಲಸ ಬಿಟ್ಟ ಬಾಗಲ ಕಡೆ ನೋಡ್ತೇವಿ. ಅದ ಚಾಹೂಲ. ಕೂಸಿನ ಚಾಹೂಲ."

ಇದು ಬಜಾರದಲ್ಲಿ ಸಿಗುವ ಮಾತಲ್ಲ.

ಜೂನ್ 28, ಶುಕ್ರವಾರ. ಕೋಲ್ಹಾಪುರ

ಗಡಹಿಂಗ್ಲಜದಿಂದ ಬಸ್ಸು ಗೋಕುಳ ಶಿರಗಾಂವದ ಮುಂದೆಯೇ ಬಂತು. ಫೌಂಡ್ರಿಗಳ ಹೊಗೆ ಕಾಣುತ್ತಿತ್ತು. ಇಳಿಯಬಹುದಿತ್ತು. ಗೇಟಿನಲ್ಲಿ ನಿಂತು ಕರೆಸಿದರೆ ಅವನು ಮಸಿ ಮುಖದಲ್ಲಿ ಓಡಿಬಂದು ಏನಾಯ್ತು ಎನ್ನುತ್ತಿದ್ದ, ನಾನು ಬಜಾರದ ಮರಾಠಿಯಲ್ಲಿ ತೊದಲುತ್ತಿದ್ದೆ. ಇಳಿಯಲಿಲ್ಲ.

ಹೋದ ವರ್ಷ ನೋಡಿದ ಡಾಕ್ಟರ್ ಬಾಯಿಯೇ ನೋಡಿದರು. ಕತ್ತಲೆ ಪರದೆಯ ಮೇಲೆ ಅಕ್ಕಿಕಾಳಿನಷ್ಟು ಒಂದು ಚುಕ್ಕೆ, ಅದರೊಳಗೆ ಇನ್ನೇನೋ ಮಿಣಮಿಣ ಅಲುಗುತ್ತಿತ್ತು. "ಠೋಕೇ ದಿಸತಾತ" ಎಂದರು, ಬಡಿತ ಕಾಣುತ್ತಿದೆ. ಏಳು ವಾರ ದಾಟಿದೆ, ಗುಳಿಗೆ ತಪ್ಪಿಸಬೇಡ, ಎರಡು ವಾರ ಬಿಟ್ಟು ಬಾ, ಹೋದ ಸಲ ಗರ್ಭದ ಬಾಯಿ ಬೇಗ ಸಡಿಲಾಗಿತ್ತು, ಈ ಸಲ ಮೂರು ತಿಂಗಳು ತುಂಬಿದ ಮೇಲೆ ಹೊಲಿಗೆ ಹಾಕುವ ವಿಚಾರ ಮಾಡೋಣ ಎಂದರು. ನಾನು ಎಲ್ಲದಕ್ಕೂ ತಲೆಯಾಡಿಸಿದೆ. ನಂಬಲಿಲ್ಲ. ನನ್ನ ಹಣೆಬರಹ ಅವರಿಗಿಂತ ನನಗೆ ಹೆಚ್ಚು ಗೊತ್ತು.

ಆದರೂ ಬಸ್ ನಿಲ್ದಾಣದಲ್ಲಿ ಕೂತು ಒಂದು ಬಾಳೆಹಣ್ಣು ತಿಂದೆ. ಹಸಿವಾಗಿರಲಿಲ್ಲ. ಕೂಸಿಗೆ ಆಗಿರಬಹುದು.

ಜುಲೈ 5, ಶುಕ್ರವಾರ. ಇಚಲಕರಂಜಿ

ಬರೆಯುತ್ತಿದ್ದೇನೆ, ಅಳಿಸುತ್ತಿದ್ದೇನೆ. ಈ ಸಲ ಎರಡು ಅರ್ಥ ಬರುವ ಒಂದು ಮಾತೂ ಇರಬಾರದು. ‘ಮಾಝ್ಯಾ ಘರೀ’ ಎಂದು ಬರೆದಿದ್ದೆ, ನನ್ನ ಮನೆಯಲ್ಲಿ. ಅದು ಅವನನ್ನು ಹೊರಗಿಟ್ಟ ಹಾಗೆ. ‘ಆಮಚ್ಯಾ’ ಎಂದರೂ ನಮ್ಮ ಎಂದೇ, ಆದರೆ ಕೇಳುವವನು ಅದರೊಳಗೆ ಇರುವುದಿಲ್ಲ. ‘ಆಪಲ್ಯಾ’ ಎಂದರೆ ನಿನ್ನದೂ ನನ್ನದೂ ಕೂಡಿ. ನಮ್ಮ ಕನ್ನಡದಲ್ಲಿ ಎಲ್ಲದಕ್ಕೂ ಒಂದೇ ‘ನಮ್ಮ’. ಇವರು ಇದಕ್ಕೆಂದೇ ಬೇರೆ ಮಾತು ಇಟ್ಟಿದ್ದಾರೆ. ಇಷ್ಟು ವರ್ಷ ನಾನು ಅವನಿಗೆ ‘ಆಮಚಂ ಘರ’ ಎಂದೇ ಹೇಳುತ್ತ ಬಂದೆನಲ್ಲ, ಅವನಿಗೆ ಹೇಗೆ ಕೇಳಿಸಿರಬೇಕು.

ಸಿಹಿ ಎಂದು ಬರೆಯುವುದಿಲ್ಲ. ಅಭಿನಂದನೆ, ಹೃದಯದ ಚಿತ್ರ, ಯಾವುದೂ ಬೇಡ. ಹೆದರಿಕೆಯನ್ನು ಬಿಡಲೂ ಆಗದು, ಅದು ನಿಜ. ಆದರೆ ಅದಕ್ಕೇ ಮಾತು ಮುಗಿಸಬಾರದು. ಹೆದರಿಕೆಯ ಆಚೆ ಅವನಿಗೆ ಕೂರಲು ಒಂದು ಜಾಗ ಇರಬೇಕು.

ಜುಲೈ 9, ಮಂಗಳವಾರ

ಆಯಿತು.

"ಅಹೋ, ಆಪಲ್ಯಾ ಘರೀ ಬಾಳಾಚಾ ಚಾಹೂಲ ಲಾಗಲಾ ಆಹೇ. ಮೀ ಭೀತೇ. ತುಮ್ಹೀ ಜವಳ ಅಸಲಾತ ಕೀ ಕಮೀ ಭೀತೇ. ಯಾ."

ರೀ, ನಮ್ಮ ಮನೆಯಲ್ಲಿ ಕೂಸಿನ ಹೆಜ್ಜೆ ಸಪ್ಪಳ ಕೇಳಿಸಿದೆ. ನಾನು ಹೆದರುತ್ತೇನೆ. ನೀವು ಹತ್ತಿರ ಇದ್ದರೆ ಕಡಿಮೆ ಹೆದರುತ್ತೇನೆ. ಬರ್ರಿ.

ಶುಕ್ರವಾರ ಎರಡನೆಯ ಸಲ ನೋಡುತ್ತಾರೆ. ಬಡಿತ ಇದ್ದರೆ ಆಸ್ಪತ್ರೆಯ ಬಾಗಿಲಲ್ಲಿ ನಿಂತೇ ಕಳಿಸುತ್ತೇನೆ. ಅಲ್ಲಿಂದ ಅವನ ಫೌಂಡ್ರಿ ದೂರವಿಲ್ಲ. ಪಾರುಬಾಯಿ ಮಾವಶಿ ಈಗಲೇ ಕಳಿಸು ಎನ್ನುತ್ತಾರೆ. ಅವನಿಗೆ ಎರಡನೆಯ ಸಲ ಪೇಢೆ ಕೊಳ್ಳಿಸಿ ಎರಡನೆಯ ಸಲ ಎಸೆಯಿಸಲಾರೆ ಎಂದೆ.

ಜುಲೈ 12, ಶುಕ್ರವಾರ. ಕೋಲ್ಹಾಪುರ

ಬೆಳಿಗ್ಗೆ ಸೀರೆಗೆ ಕಂದು ಕಲೆ. ಪಾರುಬಾಯಿ ಮಾವಶಿ ಜೊತೆಗೆ ಬಂದರು.

ಪರದೆಯ ಮೇಲೆ ಚುಕ್ಕೆ ಇತ್ತು. ಒಳಗೆ ಏನೂ ಅಲುಗುತ್ತಿರಲಿಲ್ಲ. ಡಾಕ್ಟರ್ ಬಾಯಿ ಬಹಳ ಹೊತ್ತು ನೋಡಿದರು. ಇನ್ನೊಬ್ಬ ಡಾಕ್ಟರನ್ನು ಕರೆಸಿ ಅವರಿಂದಲೂ ನೋಡಿಸಿದರು. ಎಂಟನೇ ವಾರಕ್ಕೇ ಬೆಳೆಯುವುದು ನಿಂತಿದೆಯಂತೆ. ನಾನು ಬರೆಯುತ್ತ, ಅಳಿಸುತ್ತ ಕೂತಿದ್ದೆನಲ್ಲ, ಆಗ.

ನಾನೇನು ತಪ್ಪು ಮಾಡಿದೆ ಎಂದು ಕೇಳಿದೆ. ಏನೂ ಇಲ್ಲ ಎಂದರು. ಕೆಲಸಕ್ಕೆ ಹೋದದ್ದರಿಂದಲ್ಲ, ಬಸ್ಸಿನಿಂದಲ್ಲ, ಚಿಂತೆಯಿಂದಲೂ ಅಲ್ಲ. ಹೋದ ಸಲದ್ದು ಬೇರೆ, ಇದು ಬೇರೆ. ಇಷ್ಟು ಬೇಗ ಹೋಗುವವು ಬಹಳ ಮಟ್ಟಿಗೆ ಮೊದಲಿನಿಂದಲೇ ಸರಿ ಕೂಡಿರುವುದಿಲ್ಲ, ಯಾರೂ ತಡೆಯಲಾರರು ಎಂದರು. ತಾನಾಗಿ ಹೋಗುವ ತನಕ ಕಾಯಬಹುದು, ಇಲ್ಲವೇ ಗುಳಿಗೆ ತೆಗೆದುಕೊಳ್ಳಬಹುದು, ನೀನೇ ಹೇಳು ಎಂದರು. ಗುಳಿಗೆ ಎಂದೆ. ರಾತ್ರಿ ಇಲ್ಲೇ ಇರಿಸಿಕೊಳ್ಳುತ್ತಾರೆ.

ಮಾವಶಿ ಹೊರಗೆ ಹೋಗಿ ಪ್ರತಾಪನಿಗೆ ಫೋನು ಮಾಡಿದ್ದಾರೆ. ಏನೆಂದು ಹೇಳಿದಿರಿ ಎಂದರೆ, "ಬಾ ಅಂದೆ. ಅಷ್ಟ" ಎಂದರು.

ಜುಲೈ 13, ಶನಿವಾರ

ನಿನ್ನೆಯದನ್ನು ಈಗ ಬರೆಯುತ್ತಿದ್ದೇನೆ. ರಾತ್ರಿಯೇ ಎಲ್ಲ ಮುಗಿಯಿತು. ನೋವು ಇತ್ತು, ಈಗ ಇಳಿದಿದೆ.

ಅವನು ಫೌಂಡ್ರಿಯ ಬಟ್ಟೆಯಲ್ಲೇ ಬಂದಿದ್ದ. ಡಾಕ್ಟರ್ ಬಾಯಿ ಬಾಗಿಲಲ್ಲೇ ಅವನಿಗೆ ಎಲ್ಲ ಹೇಳಿದ್ದರು. ಒಳಗೆ ಬಂದು ಮಂಚದ ಹತ್ತಿರ ನಿಂತ.

"ಊಟ ಆತೇನ?" ಎಂದ.

ನಾನು ಇಲ್ಲ ಎಂದು ತಲೆಯಾಡಿಸಿದೆ. ಅವನು ಹೋಗಿ ಇಡ್ಲಿ ತಂದ. ಇಬ್ಬರೂ ತಿನ್ನಲಿಲ್ಲ.

ಆಮೇಲೆ ಪಾಳಿಯ ಮಾತು ಬಂತು. ಅವನು ತನ್ನ ಫೋನು ತೆಗೆದು ಜೂನಿನ ಸಂದೇಶವನ್ನು ಓದಿದ. ಅತ್ತೆ ಹೇಳಿದ್ದೇ ನಿಜ. ಕೆಲಸ ತಪ್ಪಿಸಿ ಹೆದರಿದ್ದಾಳೆ ಎಂದುಕೊಂಡಿದ್ದನಂತೆ, ಸಮಾಧಾನ ಹೇಳಿದ್ದನಂತೆ. ‘ಸೋಡೂನ ದೇ’ ಎಂಬುದನ್ನು ನಾನು ಹೇಗೆ ಓದಿದೆ ಎಂದು ಹೇಳಿದೆ. ಅದನ್ನು ಅವನಿಗೆ ಹೇಳಬಾರದಿತ್ತೇನೋ. ಅವನು ಗೋಡೆಯ ಕಡೆ ತಿರುಗಿ ನಿಂತ, ಬಹಳ ಹೊತ್ತು ಈ ಕಡೆ ತಿರುಗಲಿಲ್ಲ. ಹೋದ ಸಲ ಹೀಗೆಯೇ ನಿಂತು ಆಮೇಲೆ ಹೊರಗೆ ಹೋಗಿಬಿಟ್ಟಿದ್ದ. ಈ ಸಲವೂ ಹೋಗುತ್ತಾನೆ ಎಂದುಕೊಂಡೆ. ಹೋಗಲಿಲ್ಲ.

ಇನ್ನೊಂದು ಬರೆದಿದ್ದೆ, ಕಳಿಸಲಿಲ್ಲ ಎಂದೆ. ಕೈ ಚಾಚಿದ. ಫೋನು ಕೊಟ್ಟೆ.

ಓದಿದ. ಮತ್ತೆ ಓದಿದ. ‘ಚಾಹೂಲ’ ಎಂಬಲ್ಲಿ ಬೆರಳು ನಿಲ್ಲಿಸಿ, ಇದು ನಿನಗೆ ಎಲ್ಲಿ ಸಿಕ್ಕಿತು ಎಂದು ಕೇಳಿದ. ನಿಮ್ಮ ಅವ್ವನ ಹತ್ತಿರ ಎಂದೆ. ಅವನ ಕಣ್ಣು ತುಂಬಿಕೊಂಡವು. ಅವನು ಅತ್ತದ್ದನ್ನು ನಾನು ಇದೇ ಮೊದಲು ನೋಡಿದ್ದು.

"ಚಾಹೂಲ ಹೆಣ್ಣು" ಎಂದ, ಮೆಲ್ಲಗೆ, ಮರಾಠಿಯಲ್ಲಿ. ಆ ಮಾತು ಅವರಲ್ಲಿ ಸ್ತ್ರೀಲಿಂಗವಂತೆ. ಬಾಳಾಚಾ ಅಲ್ಲ, ಬಾಳಾಚೀ. ಲಾಗಲಾ ಅಲ್ಲ, ಲಾಗಲೀ. ಅತ್ತೆ ಸರಿಯಾಗೇ ಹೇಳಿಕೊಟ್ಟಿದ್ದರು. ಬೆರಳಚ್ಚಿನಲ್ಲಿ ಫೋನು ಮೊದಲು ತೋರಿಸಿದ್ದನ್ನು ನಾನು ಒತ್ತಿಬಿಟ್ಟಿದ್ದೆ, ಮುಂದಿನದೂ ಅದರ ಹಿಂದೆ ಹೋಗಿತ್ತು. ನಮ್ಮ ಕನ್ನಡದಲ್ಲಿ ಸಪ್ಪಳಕ್ಕೆ ಹೆಣ್ಣು ಗಂಡು ಇಲ್ಲವಲ್ಲ. ಅವನು ದಪ್ಪ ಬೆರಳಿನಿಂದ ಒಂದೊಂದೇ ಅಕ್ಷರ ಅಳಿಸಿ ತಿದ್ದಿದ. ಶಾಲೆಯ ಮಾಸ್ತರನ ಹಾಗೆ ತುಟಿಯಲ್ಲೇ ಓದಿಕೊಂಡ.

ನನಗೆ ಇನ್ನೊಂದು ತಪ್ಪು ಹೊಳೆಯಿತು. "ಆಹೇ ಅಂತ ಐತಿ" ಎಂದೆ, ಕನ್ನಡದಲ್ಲೇ ಬಂತು ಮಾತು. ಆಮೇಲೆ ಮರಾಠಿಯಲ್ಲಿ ಹೇಳಿದೆ, ಈಗ ಅದು ‘ಹೋತೀ’ ಆಗಬೇಕಲ್ಲ. ಕೇಳಿಸಿದೆ ಎಂದು ಇದೆ, ಕೇಳಿಸಿತ್ತು ಎಂದು ಮಾಡಬೇಕಲ್ಲ.

ಅವನು ಫೋನನ್ನೇ ನೋಡುತ್ತ ಕೂತಿದ್ದ. "ನಕೋ" ಎಂದ. "ತೇ ಬರೋಬರ ಆಹೇ."

ಬೇಡ. ಅದು ಸರಿಯಾಗೇ ಇದೆ.

ಆಮೇಲೆ ನನ್ನ ಫೋನಿನಿಂದ ಅವನೇ ಅದನ್ನು ಕಳಿಸಿದ. ಅವನ ಅಂಗಿಯ ಕಿಸೆಯಲ್ಲಿ ಸಣ್ಣಗೆ ಸದ್ದಾಯಿತು. ಇಬ್ಬರೂ ಆ ಕಡೆ ನೋಡಿದೆವು.